ಎವಿಫ್ ಫೋಟೊಗೆ ಎರಡು ಸೆಕೆಂಡ್ ಕೊಡೋಣ, ಅರವತ್ತು ಯಾಕೆ?

ನಮ್ಮೂರ ಜಾತ್ರೆಯ ಫೋಟೊಗಳಿಗೆ ಒಂದು ಸಣ್ಣ ವೆಬ್‌ಸೈಟ್ ಇದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ತೇರು, ಅಂಗಡಿ ಬೀದಿ, ಕುಸ್ತಿ, ರಾತ್ರಿಯ ನಾಟಕ ಎಲ್ಲಾ ಸೇರಿ ವರ್ಷಕ್ಕೆ ಸುಮಾರು 400 ಫೋಟೊ. ಎಲ್ಲವೂ ಜೆಪೆಗ್. ಒಂದು ವರ್ಷ ಇವನ್ನೆಲ್ಲ ಎವಿಫ್ ಎಂಬ ಹೊಸ ಫೋಟೊ ಮಾದರಿಗೆ ಬದಲಿಸಿಬಿಡೋಣ ಅಂತ ಹೊರಟೆ. ನಿಧಾನ ಮಾಡಿದಷ್ಟೂ ಫೈಲು ಸಣ್ಣದಾಗುತ್ತೆ ಅಂತ ಓದಿದ್ದೆ. ಹಾಗಾಗಿ ವೇಗವನ್ನು ಸೊನ್ನೆಗೆ ಇಟ್ಟು, ಕಮಾಂಡ್ ಓಡಿಸಿ ಮಲಗಿದೆ. ಬೆಳಿಗ್ಗೆ ಎದ್ದರೆ ಲ್ಯಾಪ್‌ಟಾಪಿನ ಫ್ಯಾನ್ ಇನ್ನೂ ಕೂಗುತ್ತಲೇ ಇತ್ತು. ಅರ್ಧ ಕೆಲಸವೂ ಮುಗಿದಿರಲಿಲ್ಲ.

ತಪ್ಪು ನನ್ನದೇ. ಎಷ್ಟು ಕಾದರೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಿರಲಿಲ್ಲ. ಆ ಲೆಕ್ಕ ಕಷ್ಟದ್ದೇನಲ್ಲ. ಆದರೆ ಅದಕ್ಕೂ ಮೊದಲು ಎವಿಫ್ ಯಾಕೆ ಇಷ್ಟು ನಿಧಾನ ಅನ್ನುವುದು ಗೊತ್ತಿರಬೇಕು.

ಸಮಯ ಹೋಗುವುದು ಹುಡುಕಾಟಕ್ಕೆ

ಎವಿಫ್ ಅಂದರೆ ನಿಜಕ್ಕೂ ವಿಡಿಯೊದ ಒಂದು ಫ್ರೇಮ್. ಗೂಗಲ್, ನೆಟ್‌ಫ್ಲಿಕ್ಸ್, ಮೊಜಿಲ್ಲಾ ಮುಂತಾದ ಕಂಪನಿಗಳು ಸೇರಿಕೊಂಡಿರುವ ಅಲಯನ್ಸ್ ಫಾರ್ ಓಪನ್ ಮೀಡಿಯಾ 2018ರಲ್ಲಿ ಎವಿ1 ಎಂಬ ವಿಡಿಯೊ ಮಾದರಿಯನ್ನು ಹೊರತಂದಿತು. ಅದರ ಒಂದೇ ಒಂದು ಫ್ರೇಮನ್ನು ಫೋಟೊ ಫೈಲಿನೊಳಗೆ ಇಡುವ ವಿಧಾನ 2019ರಲ್ಲಿ ಬಂತು. ಅದೇ ಎವಿಫ್.

ಜೆಪೆಗ್ 1992ರ ಹಳೆ ಮನುಷ್ಯ. ಚಿತ್ರ ಯಾವುದೇ ಇರಲಿ, ಅದನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಖಾಲಿ ಆಕಾಶಕ್ಕೂ ಅದೇ ಚೌಕ, ತೇರಿನ ಕೆತ್ತನೆಗೂ ಅದೇ ಚೌಕ. ಯೋಚನೆ ಮಾಡುವಂಥದ್ದು ಏನೂ ಇಲ್ಲ, ಅದಕ್ಕೇ ಬೇಗ ಮುಗಿಯುತ್ತದೆ.

ಎವಿ1 ಹಾಗಲ್ಲ. ಅದರ ಚೌಕ 128×128 ಪಿಕ್ಸೆಲ್‌ವರೆಗೆ ದೊಡ್ಡದಿರಬಹುದು. ಅದನ್ನು ಹಾಗೇ ಬಿಡಬಹುದು, ಎರಡು ಮಾಡಬಹುದು, ನಾಲ್ಕು ಮಾಡಬಹುದು, ಒಂದು ಪಕ್ಕ ಮಾತ್ರ ಒಡೆಯಬಹುದು. ಒಡೆದ ತುಂಡನ್ನು ಮತ್ತೆ ಒಡೆಯಬಹುದು, 4×4ರವರೆಗೂ. ಪ್ರತಿ ತುಂಡಿನಲ್ಲಿ ಏನಿದೆ ಎಂಬುದನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಊಹಿಸಬೇಕು. ಯಾವ ದಿಕ್ಕಿನಿಂದ ಊಹಿಸುವುದು ಎಂಬುದಕ್ಕೇ 56 ಕೋನಗಳಿವೆ. ಊಹೆ ತಪ್ಪಿದಷ್ಟನ್ನು ಬರೆದಿಡಲು ಮತ್ತೆ ಹತ್ತಾರು ಬಗೆ.

ಇವುಗಳಲ್ಲಿ ಯಾವ ಜೋಡಣೆ ಕಡಿಮೆ ಜಾಗ ತಿಂದು ಚಿತ್ರವನ್ನು ಚೆನ್ನಾಗಿ ಉಳಿಸುತ್ತದೆ? ಅದನ್ನು ಹೇಳಿಕೊಡುವ ಸೂತ್ರ ಇಲ್ಲ. ಒಂದೊಂದನ್ನೂ ಮಾಡಿ ನೋಡಬೇಕು. ದರ್ಜಿ ಬಟ್ಟೆಯ ಮೇಲೆ ತೋಳು, ಬೆನ್ನು, ಕಾಲರಿನ ಅಚ್ಚುಗಳನ್ನು ಆ ಕಡೆ ಈ ಕಡೆ ತಿರುಗಿಸಿ ಇಟ್ಟು, ಕಡಿಮೆ ಬಟ್ಟೆಯಲ್ಲಿ ಕೂರಿಸಲು ನೋಡುತ್ತಾನಲ್ಲ, ಹಾಗೆ. ಹೊಲಿದ ಅಂಗಿ ಹಾಕಿಕೊಳ್ಳುವವನಿಗೆ ಆ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಹಾಗೆಯೇ ಬ್ರೌಸರಿಗೂ ಈ ಹುಡುಕಾಟ ಇಲ್ಲ. ಫೈಲಿನಲ್ಲಿ ಬರೆದಿರುವ ಉತ್ತರ ಓದಿ ಚಿತ್ರ ಬಿಡಿಸಿದರೆ ಅದರ ಕೆಲಸ ಆಯಿತು.

ವೇಗದ ಸಂಖ್ಯೆ ಅಂದರೆ ಈ ಹುಡುಕಾಟಕ್ಕೆ ಹಾಕುವ ಮಿತಿ. `avifenc` ಎಂಬ ಸಾಧನದಲ್ಲಿ `-s` ಗೆ 0ಯಿಂದ 10ರವರೆಗೆ ಬೆಲೆ ಕೊಡಬಹುದು. 0 ಎಂದರೆ ಸಾಧ್ಯವಿರುವುದನ್ನೆಲ್ಲ ನೋಡು, 10 ಎಂದರೆ ಬೇಗ ಮುಗಿಸು. ಏನೂ ಹೇಳದಿದ್ದರೆ 6. ನೋಡ್ ಜೆಎಸ್‌ನಲ್ಲಿ `sharp` ಬಳಸುವವರು ಒಂಚೂರು ಹುಷಾರು. ಅಲ್ಲಿನ `effort` ಉಲ್ಟಾ, ಸಂಖ್ಯೆ ಹೆಚ್ಚಿದಷ್ಟೂ ನಿಧಾನ. ಅಲ್ಲಿ ಏನೂ ಹೇಳದಿದ್ದರೆ 4, ಗರಿಷ್ಠ 9.

ಈ ಹುಡುಕಾಟದಲ್ಲಿ ಒಳ್ಳೊಳ್ಳೆಯ ಉತ್ತರಗಳೆಲ್ಲ ಬೇಗ ಸಿಕ್ಕಿಬಿಡುತ್ತವೆ. ಆಕಾಶಕ್ಕೆ ದೊಡ್ಡ ಚೌಕ, ಕೆತ್ತನೆಗೆ ಸಣ್ಣ ಚೌಕ ಅನ್ನುವುದನ್ನು ವೇಗ 6ರಲ್ಲೂ ಕಂಡುಕೊಳ್ಳುತ್ತದೆ. ಆಮೇಲಿನದ್ದೆಲ್ಲ ಚಿಲ್ಲರೆ ಉಳಿತಾಯ. ಸಮಯ ಮಾತ್ರ ಹತ್ತಾರು ಪಟ್ಟು ಏರುತ್ತದೆ.

ಮೊದಲು ಅಳತೆ, ಆಮೇಲೆ ಲೆಕ್ಕ

ಎವಿಫ್ ಬಗ್ಗೆ ಮಾತಾಡುವ ಮುಂಚೆ ಫೋಟೊವನ್ನು ಬೇಕಾದ ಅಳತೆಗೆ ಇಳಿಸಿಕೊಳ್ಳಬೇಕು. ಮೊಬೈಲಿನ ಫೋಟೊ 4000×3000 ಅಂತಿಟ್ಟುಕೊಳ್ಳಿ, ಒಟ್ಟು 1.2 ಕೋಟಿ ಪಿಕ್ಸೆಲ್. ಪುಟದಲ್ಲಿ ಅದನ್ನು 1600×1200ರಲ್ಲಿ ತೋರಿಸಿದರೆ ಸಾಕು. ಪಿಕ್ಸೆಲ್ ಆರನೇ ಒಂದು ಭಾಗಕ್ಕಿಂತ ಕಡಿಮೆ ಆಯಿತು. ಬದಲಿಸಲು ಹಿಡಿಯುವ ಸಮಯವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಆ ರಾತ್ರಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಮೂಲ ಅಳತೆಯನ್ನೇ ಕೊಟ್ಟು ಮಲಗಿದ್ದೆ.

ಇನ್ನೊಂದು ಮಾತು. ಕ್ಯಾಮೆರಾದ ಜೆಪೆಗ್ ಬಹಳ ದಪ್ಪ ಇರುತ್ತದೆ. ಅದರ ಜೊತೆ ಹೋಲಿಸಿದರೆ ಯಾವುದನ್ನು ಕೊಟ್ಟರೂ ಗೆಲ್ಲುತ್ತದೆ. ಮೊದಲು `mozjpeg` ನಂಥ ಒಳ್ಳೆ ಸಾಧನದಲ್ಲಿ ಗುಣಮಟ್ಟ 75–80ಕ್ಕೆ ಇಟ್ಟು ಜೆಪೆಗ್ ಮಾಡಿ. ಎವಿಫ್ ಗೆಲ್ಲಬೇಕಾದ್ದು ಅದರ ವಿರುದ್ಧ.

ಈಗ ಅಳತೆ ಇಳಿಸಿ ಪಿಎನ್‌ಜಿ ಮಾಡಿಟ್ಟ ಒಂದು ಫೋಟೊ ತೆಗೆದುಕೊಂಡು ಮೂರು ವೇಗದಲ್ಲಿ ಓಡಿಸಿ:

```
time avifenc -s 6 -q 60 -j 1 teru.png teru-s6.avif
time avifenc -s 3 -q 60 -j 1 teru.png teru-s3.avif
time avifenc -s 0 -q 60 -j 1 teru.png teru-s0.avif
```

`time` ಮೂರು ಸಂಖ್ಯೆ ಕೊಡುತ್ತದೆ. `real` ಅಂದರೆ ನೀವು ಕಾದ ಹೊತ್ತು. `user` ಅಂದರೆ ಪ್ರೊಸೆಸರ್ ದುಡಿದ ಹೊತ್ತು. `-j all` ಅಂತ ಕೊಟ್ಟರೆ ಎಲ್ಲಾ ಕೋರ್‌ಗಳೂ ಸೇರಿ ದುಡಿಯುತ್ತವೆ, `real` ಇಳಿಯುತ್ತದೆ, ಆದರೆ `user` ಇಳಿಯುವುದಿಲ್ಲ. ಖರ್ಚಿನ ಲೆಕ್ಕಕ್ಕೆ `user` ಹಿಡಿಯಿರಿ. ನೂರಾರು ಫೋಟೊ ಇದ್ದರೆ ಒಂದೇ ಫೋಟೊಗೆ ನಾಲ್ಕು ಕೋರ್ ಹಚ್ಚುವುದಕ್ಕಿಂತ ನಾಲ್ಕು ಫೋಟೊಗಳನ್ನು ಒಟ್ಟಿಗೆ ಓಡಿಸುವುದು ಲೇಸು. ಸಣ್ಣ ಚಿತ್ರವನ್ನು ಹಲವು ಕೋರ್‌ಗಳಿಗೆ ಹಂಚಲು ಅಷ್ಟಾಗಿ ಬರುವುದಿಲ್ಲ.

```
ls *.png | xargs -P 4 -I{} avifenc -s 6 -q 60 -j 1 {} {}.avif
```

ಇಲ್ಲೊಂದು ಮೋಸ ಇದೆ. ಮೂರೂ ಕಡೆ `-q 60` ಕೊಟ್ಟ ಮಾತ್ರಕ್ಕೆ ಮೂರರ ಗುಣಮಟ್ಟ ಒಂದೇ ಆಗುವುದಿಲ್ಲ. ನಿಧಾನದ ಫೈಲು ಒಂಚೂರು ಚೆನ್ನಾಗಿದ್ದು, ಗಾತ್ರ ಮಾತ್ರ ಅಷ್ಟೇ ಇರಬಹುದು. ಆಗ "ಏನೂ ಉಳಿಯಲಿಲ್ಲ" ಅಂದುಕೊಂಡರೆ ತಪ್ಪಾಗುತ್ತದೆ. ಇನ್ನು ಜೆಪೆಗ್‌ನ 80ಕ್ಕೂ ಎವಿಫ್‌ನ 80ಕ್ಕೂ ಸಂಬಂಧವೇ ಇಲ್ಲ. ಹೋಲಿಸಬೇಕಾದರೆ ಎವಿಫ್ ಅನ್ನು ಮತ್ತೆ ಪಿಎನ್‌ಜಿ ಮಾಡಿ, ಮೂಲದ ಜೊತೆ ಇಟ್ಟು ಅಂಕ ಹಾಕಬೇಕು:

```
avifdec teru-s6.avif out.png
ssimulacra2 teru.png out.png
```

ಇದರ ಅಂಕ 100ರವರೆಗೆ ಹೋಗುತ್ತದೆ. 70ರ ಸುತ್ತಮುತ್ತ ಬಂದರೆ ಒಳ್ಳೆ ಗುಣಮಟ್ಟ. 90 ದಾಟಿದರೆ ಹತ್ತಿರ ಹೋಗಿ ನೋಡಿದರೂ ವ್ಯತ್ಯಾಸ ಹುಡುಕುವುದು ಕಷ್ಟ. ಅಂಕ ಒಂದೇ ಬರುವ ಹಾಗೆ `-q` ಅನ್ನು ಒಂದೆರಡು ಆಚೀಚೆ ಮಾಡಿ, ಆಮೇಲೆ ಗಾತ್ರ ಹೋಲಿಸಿ.

ಒಂದು ಫೋಟೊದ ಲೆಕ್ಕ

ಈಗ ತೇರಿನ ಫೋಟೊ ಹಿಡಿಯೋಣ. ಕೆಳಗಿನವು ಲೆಕ್ಕ ತೋರಿಸಲು ನಾನು ಇಟ್ಟುಕೊಂಡ ಸಂಖ್ಯೆಗಳು. ನಿಮ್ಮ ಯಂತ್ರ, ನಿಮ್ಮ ಫೋಟೊಗೆ ಬೇರೆ ಬರುತ್ತವೆ. ಮೇಲಿನ ಕಮಾಂಡ್ ಓಡಿಸಿ ನಿಮ್ಮ ಸಂಖ್ಯೆ ತುಂಬಿಕೊಳ್ಳಿ.

ಒಳ್ಳೆ ಜೆಪೆಗ್ 300 ಕೆಬಿ. ಅದೇ ಗುಣಮಟ್ಟದ ಎವಿಫ್ ವೇಗ 6ರಲ್ಲಿ 160 ಕೆಬಿ, ಹಿಡಿದ ಸಮಯ 2 ಸೆಕೆಂಡ್. ವೇಗ 3ರಲ್ಲಿ 154 ಕೆಬಿ, 8 ಸೆಕೆಂಡ್. ವೇಗ 0ಯಲ್ಲಿ 150 ಕೆಬಿ, 60 ಸೆಕೆಂಡ್. ಬಾಡಿಗೆ ಸರ್ವರ್‌ನ ಒಂದು ಕೋರ್‌ಗೆ ಗಂಟೆಗೆ 4 ರೂಪಾಯಿ, ಹೊರಗೆ ಹೋಗುವ ಡೇಟಾಗೆ ಒಂದು ಜಿಬಿಗೆ 8 ರೂಪಾಯಿ ಅಂತ ಹಿಡಿಯೋಣ.

ಬದಲಿಸುವ ಖರ್ಚು ಒಂದೇ ಸಲ. ಉಳಿತಾಯ ಮಾತ್ರ ಯಾರಾದರೂ ಫೋಟೊ ತೆರೆದಾಗಲೆಲ್ಲ. ಹಾಗಾದರೆ ಎಷ್ಟು ಸಲ ತೆರೆದರೆ ಖರ್ಚು ವಾಪಸ್ ಬರುತ್ತದೆ?

ವೇಗ 6: ಎರಡು ಸೆಕೆಂಡಿನ ಖರ್ಚು 0.22 ಪೈಸೆ. ಒಂದು ಸಲ ನೋಡಿದರೆ 140 ಕೆಬಿ ಉಳಿಯುತ್ತದೆ, ಅದರ ಬೆಲೆ 0.11 ಪೈಸೆ. ಅಂದರೆ ಎರಡೇ ಎರಡು ಸಲ ನೋಡಿದರೆ ಅಸಲು ಬಂತು!

ವೇಗ 3ಕ್ಕೆ ಇಳಿದರೆ ಹೆಚ್ಚುವರಿ ಆರು ಸೆಕೆಂಡ್, ಖರ್ಚು 0.67 ಪೈಸೆ. ಹೆಚ್ಚುವರಿ ಉಳಿತಾಯ ಬರೀ 6 ಕೆಬಿ. ಇದರ ಅಸಲು ಬರಲು ಸುಮಾರು 140 ಸಲ ನೋಡಬೇಕು.

ವೇಗ 0ಗೆ ಹೋದರೆ, 6ಕ್ಕಿಂತ 58 ಸೆಕೆಂಡ್ ಜಾಸ್ತಿ. ಖರ್ಚು ಆರೂವರೆ ಪೈಸೆ, ಉಳಿಯುವುದು 10 ಕೆಬಿ. ಸುಮಾರು 800 ಸಲ ನೋಡಬೇಕು.

ಇಲ್ಲಿ ಬಹಳ ಜನ ಜಾರುತ್ತಾರೆ. ವೇಗ 0ಯ ಫೈಲು ಜೆಪೆಗ್‌ನ ಅರ್ಧ ಇದೆ, ಹಾಗಾಗಿ ನಿಧಾನಕ್ಕೆ ಬೆಲೆ ಇದೆ ಅಂದುಕೊಳ್ಳುತ್ತಾರೆ. ಆದರೆ ಆ 150 ಕೆಬಿ ಉಳಿತಾಯದಲ್ಲಿ 140 ಕೆಬಿ ಮೊದಲ ಎರಡು ಸೆಕೆಂಡಿನಲ್ಲೇ ಸಿಕ್ಕಿತ್ತು. ಉಳಿದ 58 ಸೆಕೆಂಡ್ ತಂದದ್ದು 10 ಕೆಬಿ ಮಾತ್ರ. ಜೆಪೆಗ್ ಬಿಟ್ಟು ಎವಿಫ್‌ಗೆ ಬರಬೇಕಾ ಅನ್ನುವುದು ಒಂದು ಪ್ರಶ್ನೆ. ಎವಿಫ್ ಅನ್ನು ಎಷ್ಟು ನಿಧಾನ ಮಾಡಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಬೆರೆಸಬಾರದು.

ನಮ್ಮ ಮುಖಪುಟದ ಫೋಟೊವನ್ನು 20,000 ಜನ ನೋಡಿದರು ಅನ್ನಿ. ವೇಗ 0 ಮಾಡಿದ್ದಕ್ಕೆ ಸಿಗುವ ಹೆಚ್ಚುವರಿ ಲಾಭ ಒಂದೂವರೆ ರೂಪಾಯಿ. ಅರ್ಧ ಟೀ ಕೂಡ ಬರುವುದಿಲ್ಲ. ಒಂದೇ ಫೋಟೊವನ್ನು ಕೋಟಿ ಸಲ ನೋಡುವ ದೊಡ್ಡ ತಾಣಕ್ಕೆ ಅದೇ 10 ಕೆಬಿ 100 ಜಿಬಿ ಆಗುತ್ತದೆ, 800 ರೂಪಾಯಿ. ಅಲ್ಲಿ ಆರೂವರೆ ಪೈಸೆಗೆ ಯಾರೂ ಯೋಚಿಸುವುದಿಲ್ಲ. ಅವರು ನಿಧಾನ ಮಾಡಿದರೆ ಸರಿ. ನಾವು ಅವರನ್ನು ನೋಡಿ ಮಾಡಿದರೆ ಸುಮ್ನೆ ಕರೆಂಟು ಬಿಲ್ಲು.

ದುಡ್ಡಿಗಿಂತ ನನಗೆ ಮುಖ್ಯ ಅನಿಸುವುದು ನೋಡುವವರ ಕಾಯುವಿಕೆ. ಜಾತ್ರೆ ಮೈದಾನದಲ್ಲಿ ನೆಟ್‌ವರ್ಕ್ ಗೊತ್ತಲ್ಲ, ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕರೆ ಪುಣ್ಯ. ಆ ವೇಗದಲ್ಲಿ 140 ಕೆಬಿ ಅಂದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಒಂದು ಪುಟದಲ್ಲಿ 12 ಫೋಟೊ ಇದ್ದರೆ ಆರೂವರೆ ಸೆಕೆಂಡ್ ಉಳಿಯಿತು. ಇದು ಕಣ್ಣಿಗೆ ಕಾಣುವ ವ್ಯತ್ಯಾಸ. ವೇಗ 0ಯ 10 ಕೆಬಿ? 12 ಫೋಟೊ ಸೇರಿದರೂ ಅರ್ಧ ಸೆಕೆಂಡ್ ಇಲ್ಲ.

ಯಾರು ಕಾಯುತ್ತಿದ್ದಾರೆ?

ಮೇಲಿನ ಲೆಕ್ಕ ರಾತ್ರಿ ಓಡಿಸಿಟ್ಟ ಕೆಲಸಕ್ಕೆ ಸರಿ. ಆದರೆ ಬದಲಿಸುವಾಗ ಒಬ್ಬ ಮನುಷ್ಯ ಪರದೆ ಮುಂದೆ ಕಾಯುತ್ತಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ.

ಮರುವರ್ಷ ನಾನು ಇನ್ನೊಂದು ಎಡವಟ್ಟು ಮಾಡಿಕೊಂಡೆ. ಊರಿನವರೇ ಫೋಟೊ ಏರಿಸಲಿ ಅಂತ ಒಂದು ಪುಟ ಮಾಡಿದೆ. ಫೋಟೊ ಬಂದ ತಕ್ಷಣ, ಅಲ್ಲೇ, ಎವಿಫ್ ಮಾಡುವ ಹಾಗೆ ಬರೆದಿದ್ದೆ. ನಾನೊಬ್ಬನೇ ಪರೀಕ್ಷೆ ಮಾಡಿದಾಗ ಚೆನ್ನಾಗಿಯೇ ಇತ್ತು. ತೇರು ಎಳೆದ ಸಂಜೆ ಹತ್ತು ಜನ ಒಟ್ಟಿಗೆ ಏರಿಸಿದರು. ಎರಡು ಕೋರ್, ಒಂದು ಜಿಬಿ ಮೆಮೊರಿಯ ಪುಟ್ಟ ಸರ್ವರ್ ಅದು. ಮೆಮೊರಿ ತುಂಬಿ, ಲಿನಕ್ಸ್ ಕರ್ನಲ್ ನನ್ನ ಪ್ರೋಗ್ರಾಮನ್ನೇ ಕೊಂದು ಹಾಕಿತು. `dmesg` ನಲ್ಲಿ `Out of memory: Killed process` ಅಂತ ಸಾಲು ಕಂಡರೆ ಇದೇ ಕಾಯಿಲೆ ಅಂತ ತಿಳಿಯಿರಿ.

ಸರ್ವರ್ ಗಟ್ಟಿ ಇದ್ದರೂ ಈ ವಿಧಾನ ಸರಿಯಲ್ಲ. ಮೊದಲು ನೋಡುವವನಿಗೆ ಅರ್ಧ ಸೆಕೆಂಡ್ ಉಳಿಸಲು ಅವನನ್ನು ಎರಡು ಸೆಕೆಂಡ್ ಕಾಯಿಸುವುದು ಯಾವ ನ್ಯಾಯ? ಈಗ ನಾನು ಮಾಡುವುದು ಹೀಗೆ. ಫೋಟೊ ಬಂದ ಕೂಡಲೇ ಸಣ್ಣ ಜೆಪೆಗ್ ಮಾಡಿ ತೋರಿಸುತ್ತೇನೆ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಎವಿಫ್ ಕೆಲಸವನ್ನು ಸರದಿಗೆ ಸೇರಿಸುತ್ತೇನೆ. ಸರದಿಯಿಂದ ಒಂದು ಸಲಕ್ಕೆ ಒಂದೇ ಫೋಟೊ. ಹಿನ್ನೆಲೆಯಲ್ಲಿ ಮುಗಿದಾಗ ಪುಟಕ್ಕೆ ಸೇರಿಕೊಳ್ಳುತ್ತದೆ. ಬೇಡಿಕೆ ಬಂದಾಗಲೇ ಮಾಡಿಕೊಡಬೇಕಾದ ಅನಿವಾರ್ಯ ಇದ್ದರೆ ವೇಗ 8 ಅಥವಾ 9 ಕೊಡಿ. ಅಲ್ಲೂ ಜೆಪೆಗ್‌ಗಿಂತ ಸಣ್ಣ ಫೈಲೇ ಸಿಗುತ್ತದೆ. ಮಾಡಿದ್ದನ್ನು ಉಳಿಸಿಟ್ಟುಕೊಳ್ಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪ್ರತಿ ಸಲವೂ ಮೊದಲಿಂದ.

ಎರಡು ಸೆಕೆಂಡೂ ದಂಡ ಆಗುವ ಕಡೆಗಳು

ಎರಡು ಸಲ ನೋಡಿದರೆ ಅಸಲು ಬರುತ್ತೆ ಅಂದೆನಲ್ಲ, ಅದರಲ್ಲಿ ಒಂದು ಖರ್ಚು ಬಿಟ್ಟಿದ್ದೆ. ಹಳೆ ಬ್ರೌಸರ್‌ಗಳಿಗಾಗಿ ಜೆಪೆಗ್ ಕೂಡ ಇಟ್ಟುಕೊಂಡಿರಬೇಕು. ಕ್ರೋಮ್ 2020ರ 85ನೇ ಆವೃತ್ತಿಯಿಂದ, ಫೈರ್‌ಫಾಕ್ಸ್ 2021ರ 93ರಿಂದ, ಸಫಾರಿ 2022ರ 16ರಿಂದ ಎವಿಫ್ ತೋರಿಸುತ್ತವೆ. ಎಡ್ಜ್ ಬಂದದ್ದು 2024ರಲ್ಲಿ, 121ನೇ ಆವೃತ್ತಿಯಲ್ಲಿ. ಐಒಎಸ್ 15ರಲ್ಲೇ ನಿಂತಿರುವ ಹಳೆ ಐಫೋನ್‌ಗೆ ಇದು ಕಾಣುವುದಿಲ್ಲ. ಹಾಗಾಗಿ ಎರಡೂ ಕೊಟ್ಟು ಬ್ರೌಸರನ್ನೇ ಆರಿಸಿಕೊಳ್ಳಲು ಬಿಡಬೇಕು:

```
<picture>
  <source srcset="teru.avif" type="image/avif">
  <img src="teru.jpg" width="1600" height="1200" alt="ತೇರು">
</picture>
```

ಅಂದರೆ ಡಿಸ್ಕಿನಲ್ಲಿ ಜಾಗ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ವರ್ಷಕ್ಕೊಮ್ಮೆಯೂ ಯಾರೂ ತೆರೆಯದ ಹಳೆ ಫೋಟೊಗಳಿಗೆ ಎವಿಫ್ ಮಾಡುವುದು ಬರೀ ದಂಡ. ವಾಟ್ಸಾಪ್‌ನಲ್ಲಿ ಹಂಚಿದಾಗ ಕಾಣುವ ಮುನ್ನೋಟದ ಚಿತ್ರವನ್ನೂ ನಾನು ಜೆಪೆಗ್ ಆಗಿಯೇ ಇಡುತ್ತೇನೆ. ಅಂಥ ಕಡೆ ಎಲ್ಲರೂ ಎವಿಫ್ ಓದುತ್ತಾರೆ ಅಂತ ನಂಬಿ ಕೂರಲು ಆಗುವುದಿಲ್ಲ.

ಬೆರಳಗಲದ ಚಿತ್ರಗಳಲ್ಲೂ ಲಾಭ ಅಷ್ಟಕ್ಕಷ್ಟೇ. ಎವಿಫ್ ಫೈಲಿನ ತಲೆಬರಹವೇ ಕೆಲವು ನೂರು ಬೈಟ್ ತಿನ್ನುತ್ತದೆ. ಮೂರು ಕೆಬಿಯ ಚಿತ್ರದಲ್ಲಿ ಅದೂ ಒಂದು ಪಾಲೇ. ಪಿಕ್ಸೆಲ್ ಒಂದೂ ಬದಲಾಗಬಾರದು ಅನ್ನುವ ಪರದೆ ಚಿತ್ರ, ನಕ್ಷೆ, ಗೆರೆ ಚಿತ್ರಗಳಿಗೆ ವೆಬ್‌ಪಿಯ ನಷ್ಟವಿಲ್ಲದ ವಿಧಾನ ಸಾಮಾನ್ಯವಾಗಿ ಎವಿಫ್‌ಗಿಂತ ಸಣ್ಣ ಫೈಲು ಕೊಡುತ್ತದೆ, ಅದೂ ಬೇಗ.

ವಾಟ್ಸಾಪ್ ಅಂದ ಕೂಡಲೇ ನೆನಪಾಯಿತು. ಅಲ್ಲಿಂದ ಬಂದ ಫೋಟೊ ಆಗಲೇ ಒಮ್ಮೆ ಹಿಂಡಿದ್ದು. ಅದರಲ್ಲಿ ಜೆಪೆಗ್‌ನ 8×8 ಚೌಕಗಳ ಕಲೆ ಉಳಿದಿರುತ್ತದೆ. ಎವಿಫ್‌ಗೆ ಅದು ಕಲೆ ಅಂತ ಗೊತ್ತಾಗುವುದಿಲ್ಲ. ಚಿತ್ರದ ಭಾಗವೇ ಅಂದುಕೊಂಡು ಅದನ್ನೂ ಉಳಿಸಲು ಬೈಟ್ ಸುರಿಯುತ್ತದೆ. ಸಾಧ್ಯವಾದರೆ ತೆಗೆದವರಿಂದಲೇ ಮೂಲ ಫೋಟೊ ತರಿಸಿಕೊಳ್ಳಿ. ಅದು ಸಿಗದಿದ್ದರೆ ಇರುವ ಜೆಪೆಗ್ ಹಾಗೇ ಇರಲಿ.

ಸಣ್ಣದಾಯಿತು, ಆದರೆ ಏನು ಹೋಯಿತು?

ಅತಿಯಾಗಿ ಹಿಂಡಿದ ಜೆಪೆಗ್ ಕೆಟ್ಟದಾಗಿ ಕಾಣುತ್ತದೆ, ಚೌಕ ಚೌಕ ಎದ್ದು ಕಾಣುತ್ತದೆ. ಎವಿಫ್ ಅತಿಯಾಗಿ ಹಿಂಡಿದರೂ ಚಂದವೇ ಕಾಣುತ್ತದೆ. ಅದೇ ಅಪಾಯ. ನವಿರಾದ ವಿವರಗಳನ್ನು ಅದು ಸದ್ದಿಲ್ಲದೆ ಒರೆಸಿಬಿಡುತ್ತದೆ. ರೇಷ್ಮೆ ಸೀರೆಯ ನೇಯ್ಗೆ, ಕಲ್ಲು ಗೋಡೆಯ ಒರಟು, ಅಜ್ಜಿಯ ಮುಖದ ಸುಕ್ಕು ಎಲ್ಲಾ ಮೇಣದ ಹಾಗೆ ನುಣುಪಾಗುತ್ತವೆ. ಮೂಲವನ್ನು ಪಕ್ಕದಲ್ಲಿಟ್ಟು ನೋಡುವವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ `-q` ಆರಿಸುವಾಗ ಆಕಾಶದ ಫೋಟೊ ಇಟ್ಟು ಪರೀಕ್ಷಿಸಬೇಡಿ. ಸೀರೆಯಂಗಡಿಯ ಫೋಟೊ ಇಡಿ.

ಬಣ್ಣದ್ದು ಇನ್ನೊಂದು ಕಥೆ. `-y 420` ಅಂದರೆ ಹೊಳಪನ್ನು ಪೂರ್ತಿ ಇಟ್ಟು, ಬಣ್ಣವನ್ನು ಮಾತ್ರ ಉದ್ದಗಲ ಎರಡರಲ್ಲೂ ಅರ್ಧಕ್ಕೆ ಇಳಿಸುವುದು. ಫೋಟೊದಲ್ಲಿ ಕಣ್ಣಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಕನ್ನಡ ಬಾವುಟ ಇರುವ ಫೋಟೊ ನೋಡಿ. ಹಳದಿ ಮತ್ತು ಕೆಂಪು ಸೇರುವ ಗೆರೆ ಕೊಳಕಾಗಿ ಕದಡಿರುತ್ತದೆ. ಕೆಂಪು ಅಕ್ಷರದ ಬ್ಯಾನರ್‌ಗಳದ್ದೂ ಅದೇ ಪಾಡು. ಅಂಥವಕ್ಕೆ `-y 444`. `avifenc` ಗೆ ಪಿಎನ್‌ಜಿ ಕೊಟ್ಟರೆ ತಾನಾಗಿ 444 ಹಿಡಿಯುತ್ತದೆ. ಜೆಪೆಗ್ ಕೊಟ್ಟರೆ ಅದರಲ್ಲಿ ಇದ್ದದ್ದನ್ನೇ ಮುಂದುವರಿಸುತ್ತದೆ. ಗೆರೆ ಕದಡಿ ಕಂಡರೆ ವೇಗವನ್ನು ಬೈದು ಪ್ರಯೋಜನ ಇಲ್ಲ. ಸೊನ್ನೆಗೆ ಇಳಿಸಿದರೂ ಹೋದ ಬಣ್ಣ ವಾಪಸ್ ಬರುವುದಿಲ್ಲ.

ನಿಧಾನ ನೆಟ್‌ವರ್ಕ್‌ನಲ್ಲಿ ಜೆಪೆಗ್‌ಗೆ ಒಂದು ಅನುಕೂಲ ಇನ್ನೂ ಇದೆ. ಪ್ರೊಗ್ರೆಸಿವ್ ಜೆಪೆಗ್ ಮೊದಲು ಮಸುಕಾಗಿ ಕಂಡು ಆಮೇಲೆ ತಿಳಿಯಾಗುತ್ತದೆ. ಎವಿಫ್ ಸಾಮಾನ್ಯವಾಗಿ ಪೂರ್ತಿ ಬಂದ ಮೇಲೇ ಒಟ್ಟಿಗೆ ಕಾಣುವುದು. ಜಾಗ ಖಾಲಿ ಬಿದ್ದಿರುವಾಗ ಜನ ಪುಟ ಮುಚ್ಚಿ ಹೋಗಬಹುದು. ನಾನು ಅಲ್ಲಿ ಫೋಟೊದ ಸರಾಸರಿ ಬಣ್ಣ ತುಂಬಿಡುತ್ತೇನೆ.

ಈ ವರ್ಷ ಎಲ್ಲಾ 400 ಫೋಟೊವನ್ನೂ ವೇಗ 6ರಲ್ಲೇ ಮಾಡಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಆಗಿತ್ತು. ಜಾತ್ರೆ ಕಳೆದ ವಾರ ಸರ್ವರ್‌ನ ಲಾಗ್ ತೆಗೆದು, ಜನ ಹೆಚ್ಚು ತೆರೆದ ಹನ್ನೆರಡು ಫೋಟೊ ಆರಿಸಿ, ಅವನ್ನು ಮಾತ್ರ ವೇಗ 3ರಲ್ಲಿ ಮತ್ತೆ ಮಾಡಿದೆ. ಅದರಲ್ಲಿ ತೇರಿನದ್ದು ಒಂದೇ ಒಂದು. ಉಳಿದ ಹನ್ನೊಂದೂ ಕುಸ್ತಿ.